ದೀಪ ಉರಿಯುತ್ತದೆ, ತಂಪಾಗುವುದಿಲ್ಲ

ಡೊಂಬಿವಲಿಯಲ್ಲಿ ವಾಸವಾಗಿರುವ ನಮ್ಮ ವಾಚನಾಲಯದ ಸದಸ್ಯರೊಬ್ಬರು ಕಳೆದ ಮಳೆಗಾಲದಲ್ಲಿ ಒಂದು ಸಂಜೆ ಚಿಂತೆಯ ಮುಖದಿಂದ ಬಂದರು. ಅವರ ಮನೆಯವರು ದೋಸೆ ಹಿಟ್ಟು ರುಬ್ಬಿ ಅಕ್ಕಪಕ್ಕದ ಕಟ್ಟಡಗಳಲ್ಲಿ ಮಾರುತ್ತಾರೆ. ಮನೆ ಬಾಡಿಗೆಯ ಅರ್ಧ ಭಾಗವು ಅದರಿಂದಲೇ ಹುಟ್ಟುತ್ತದೆ. ಫ್ರಿಜ್ಜಿನ ಬಾಗಿಲು ತೆರೆದರೆ ದೀಪ ಹತ್ತುತ್ತದೆ. ಆದರೆ ಒಳಗಿಟ್ಟ ಹಿಟ್ಟು ಹುಳಿಯೆದ್ದು ಪಾತ್ರೆಯಿಂದ ಹೊರಗೆ ಉಕ್ಕಿದೆ. ನೋಡಲು ಬಂದ ಮಿಸ್ತ್ರಿಯು ಹಿಂಬದಿಗೆ ಕಿವಿಗೊಟ್ಟು ಕೇಳಿ, "ಕಂಪ್ರೆಸರ್ ಗಯಾ" ಎಂದು ಹೇಳಿ, ಹೊಸದಕ್ಕೆ ಅವರ ಅರ್ಧ ತಿಂಗಳ ಸಂಬಳದಷ್ಟು ಕೇಳಿದ್ದನು. ಮುಂಗಡ ಕೊಡುವ ಮೊದಲು ಒಮ್ಮೆ ಪರೀಕ್ಷಿಸುವುದು ಲೇಸೆಂದು ನಾವು ಭಾನುವಾರ ಅವರಲ್ಲಿಗೆ ಹೋದೆವು. ಅಲ್ಲಿ ಮಾಡಿದುದನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತೇವೆ.

ದೀಪ ಉರಿದ ಮಾತ್ರಕ್ಕೆ ಫ್ರಿಜ್ಜು ಸರಿಯಾಗಿದೆಯೆಂದು ತಿಳಿಯಬಾರದು. ಸಾಧಾರಣ ಒಂದು ಬಾಗಿಲಿನ ಫ್ರಿಜ್ಜಿನಲ್ಲಿ ದೀಪದ ತಂತಿ ಬೇರೆ, ಕಂಪ್ರೆಸರಿನ ತಂತಿ ಬೇರೆ. ಕಂಪ್ರೆಸರಿಗೆ ಹೋಗುವ ವಿದ್ಯುತ್ತು ಥರ್ಮೋಸ್ಟ್ಯಾಟ್, ಓವರ್‌ಲೋಡ್, ರಿಲೇ ಎಂಬ ಮೂರು ಬಾಗಿಲುಗಳನ್ನು ದಾಟಬೇಕು. ದೀಪವು ತೋರಿಸುವುದು ಇಷ್ಟೇ: ಗೋಡೆಯ ಪ್ಲಗ್ಗಿನಿಂದ ವಿದ್ಯುತ್ತು ಬರುತ್ತಿದೆ.

ಮೊದಲು ಕಿವಿಯಿಂದ ಪರೀಕ್ಷೆ. ಯಾವ ಸದ್ದೂ ಇಲ್ಲದಿದ್ದರೆ ಥರ್ಮೋಸ್ಟ್ಯಾಟ್, ಓವರ್‌ಲೋಡ್ ಅಥವಾ ಎಲ್ಲೋ ಕಡಿದ ತಂತಿಯ ಮೇಲೆ ಸಂಶಯ ಪಡಬೇಕು. ಕಂಪ್ರೆಸರ್ ಎಡೆಬಿಡದೆ ಓಡುತ್ತಿದ್ದೂ ತಂಪಾಗದಿದ್ದರೆ ರಿಲೇಯ ದೋಷವಲ್ಲ. ಅದು ಬಹುಮಟ್ಟಿಗೆ ಗ್ಯಾಸಿನ ತೊಂದರೆ, ಅದನ್ನು ತಿಳಿದವರಿಗೇ ಬಿಡಬೇಕು. ನಮ್ಮ ಸದಸ್ಯರ ಫ್ರಿಜ್ಜು ಈ ಎರಡೂ ಅಲ್ಲ. ಐದಾರು ಸೆಕೆಂಡು "ಗುಂಯ್" ಎನ್ನುವುದು, "ಟಿಕ್" ಎಂದು ನಿಲ್ಲುವುದು, ಕೆಲವು ನಿಮಿಷಗಳ ನಂತರ ಮತ್ತೆ ಅದೇ. ಇದರ ಕಾರಣವನ್ನು ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ.

ಕಂಪ್ರೆಸರಿನ ಮೋಟಾರಿನಲ್ಲಿ ಎರಡು ವೈಂಡಿಂಗುಗಳಿವೆ. ಒಂದು ಓಡಿಸುವುದು, ಇನ್ನೊಂದು ಆರಂಭದಲ್ಲಿ ಮಾತ್ರ ನೂಕಿ ಕೊಡುವುದು. ಕೆಸರಿನಲ್ಲಿ ಹೂತ ಗಾಡಿಗೆ ಹಿಂದಿನಿಂದ ಭುಜ ಕೊಡುವವನಂತೆ ಎರಡನೆಯದು ಕೆಲಸ ಮಾಡುತ್ತದೆ. ಅದನ್ನು ಸೇರಿಸಿ, ಕ್ಷಣದಲ್ಲಿ ಬಿಡಿಸುವುದು ರಿಲೇಯ ಕೆಲಸ. ಈಗಿನ ಹೆಚ್ಚಿನ ರಿಲೇಗಳೊಳಗೆ ನಾಣ್ಯದಂಥ ಒಂದು ಬಿಲ್ಲೆಯಿದೆ. ತಣ್ಣಗಿರುವಾಗ ಅದು ವಿದ್ಯುತ್ತನ್ನು ಬಿಡುತ್ತದೆ, ಕಾದೊಡನೆ ತಡೆಯುತ್ತದೆ. ಬಿಲ್ಲೆ ಒಡೆದರೆ ನೂಕುವವನೇ ಇಲ್ಲದಂತಾಗಿ ಮೋಟಾರು ತಿರುಗಲಾರದು. ತಿರುಗದ ಮೋಟಾರು ಹಲವು ಪಟ್ಟು ವಿದ್ಯುತ್ತನ್ನು ಎಳೆಯುತ್ತದೆ. ಆಗ ಓವರ್‌ಲೋಡ್ ಕಾದು ದಾರಿ ಕಡಿಯುತ್ತದೆ. ಆ ಕಡಿಯುವ ಸದ್ದೇ "ಟಿಕ್".

ಆದರೆ ಪ್ಲಗ್ಗಿನಲ್ಲಿ ವೋಲ್ಟೇಜು ಕುಸಿದಿದ್ದರೂ ಇದೇ ಸದ್ದು ಬರುತ್ತದೆ. ಆದ್ದರಿಂದ ಮೊದಲು ಮಲ್ಟಿಮೀಟರಿನಿಂದ ಅದೇ ಬೋರ್ಡಿನ ಪಕ್ಕದ ಸಾಕೆಟ್ಟನ್ನು, ಕಂಪ್ರೆಸರ್ ಗುಂಯ್‌ಗುಡುತ್ತಿರುವಾಗಲೇ ಅಳೆದೆವು. 222 ವೋಲ್ಟ್ ಬಂತು; ಅಲ್ಲಿ ಕೊರತೆಯಿಲ್ಲ. 180ರ ಕೆಳಗೆ ಇಳಿದಿದ್ದರೆ ಸಡಿಲ ಸಾಕೆಟ್ಟನ್ನೋ ಸಣ್ಣ ತಂತಿಯ ಎಕ್ಸ್‌ಟೆನ್ಶನ್ನನ್ನೋ ಮೊದಲು ನೋಡಬೇಕಾಗುತ್ತಿತ್ತು. ಸಾಧಾರಣ ಮಲ್ಟಿಮೀಟರು ಲ್ಯಾಮಿಂಗ್ಟನ್ ರೋಡಿನ ಅಂಗಡಿಗಳಲ್ಲಿ ಸಿಗುತ್ತದೆ.

ಇನ್ನು ಮುಂದಿನ ಎಲ್ಲ ಕೆಲಸವನ್ನೂ ಪ್ಲಗ್ಗನ್ನು ಗೋಡೆಯಿಂದ ಪೂರ್ತಿ ಕಿತ್ತ ಮೇಲೆಯೇ ಮಾಡಬೇಕು. ಸ್ವಿಚ್ಚು ಆರಿಸಿದರೆ ಸಾಲದು. ಕೆಲವು ಫ್ರಿಜ್ಜುಗಳಲ್ಲಿ ಕೆಪಾಸಿಟರ್ ಎಂಬ ಡಬ್ಬಿ ಇರುತ್ತದೆ. ಪ್ಲಗ್ಗು ಕಿತ್ತ ಮೇಲೂ ಅದರಲ್ಲಿ ವಿದ್ಯುತ್ತು ಉಳಿದಿರಬಹುದು. ಅದು ಕಂಡರೆ ತಿಳಿದವರನ್ನು ಕರೆಯಿರಿ. ಲೇಬಲ್ಲಿನಲ್ಲಿ ಆರ್-600ಎ ಎಂದಿದ್ದರೆ ಒಳಗಿನ ಗ್ಯಾಸು ಹೊತ್ತಿಕೊಳ್ಳುವಂಥದು. ಹತ್ತಿರ ಬೆಂಕಿ ಬೇಡ, ಕಿಟಕಿ ತೆರೆದಿರಲಿ. ಹಾಗೆಯೇ "ಇನ್ವರ್ಟರ್" ಎಂದು ಬರೆದಿರುವ ಕಂಪ್ರೆಸರಿಗೆ ಈ ಲೇಖನದ ಅಳತೆಗಳು ಅನ್ವಯಿಸುವುದಿಲ್ಲ. ಅದಕ್ಕೆ ಇಂಥ ರಿಲೇಯೇ ಇಲ್ಲ.

ಅರ್ಧ ಗಂಟೆ ಆರಲು ಬಿಟ್ಟು, ಕಂಪ್ರೆಸರಿನ ಪಕ್ಕದ ಪ್ಲಾಸ್ಟಿಕ್ ಮುಚ್ಚಳವನ್ನು ತೆಗೆದೆವು. ಯಾವ ತಂತಿ ಎಲ್ಲಿತ್ತೆಂದು ಕಾಗದದಲ್ಲಿ ಬರೆದುಕೊಂಡು ರಿಲೇಯನ್ನು ನೇರವಾಗಿ ಎಳೆದೆವು. ಅದರ ಒಂದು ಮೂಲೆ ಕಂದಿತ್ತು, ಸುಟ್ಟ ವಾಸನೆಯಿತ್ತು. ಕಿವಿಯ ಬಳಿ ಅಲ್ಲಾಡಿಸಿದರೆ ಒಳಗೆ ಚೂರುಗಳ ಗಲಗಲ ಸದ್ದು. ಒಳ್ಳೆಯ ಬಿಲ್ಲೆ ತಣ್ಣಗಿರುವಾಗ ಸಾಮಾನ್ಯವಾಗಿ ಕೆಲವು ಓಮ್‌ಗಳಿಂದ ಕೆಲವು ಹತ್ತು ಓಮ್‌ಗಳವರೆಗೆ ತೋರಿಸುತ್ತದೆ. ಇಲ್ಲಿ ಮೀಟರು ಏನನ್ನೂ ತೋರಿಸಲಿಲ್ಲ. ಒಂದು ಎಚ್ಚರಿಕೆ: ಸುರುಳಿಯೂ ಕಬ್ಬಿಣದ ಗುಂಡೂ ಇರುವ ಹಳೆಯ ಮಾದರಿಯ ರಿಲೇ ಒಳ್ಳೆಯದಿದ್ದರೂ ಸದ್ದು ಮಾಡುತ್ತದೆ. ಸದ್ದೊಂದರಿಂದಲೇ ಅದನ್ನು ಎಸೆಯಬಾರದು. ಓವರ್‌ಲೋಡನ್ನು ಅಳೆದಾಗ ಸೊನ್ನೆಗೆ ಹತ್ತಿರ ಬಂತು, ಅದು ಸರಿಯಿದೆ.

ಮಿಸ್ತ್ರಿಯ ಮಾತು ನಿಜವೋ ಸುಳ್ಳೋ ತಿಳಿಯಲು ವೈಂಡಿಂಗುಗಳನ್ನು ಅಳೆಯಬೇಕು. ರಿಲೇ ತೆಗೆದಲ್ಲಿ ಮೂರು ಪಿನ್ನುಗಳು ಕಾಣುತ್ತವೆ, ಅವುಗಳ ಮೇಲೆ ಹೆಸರಿಲ್ಲದಿರಬಹುದು. ಎರಡೆರಡಾಗಿ ಮೂರು ಜೋಡಿಗಳನ್ನು ಅಳೆದಾಗ 14, 19 ಮತ್ತು 33 ಓಮ್ ಬಂದವು. ಅತಿ ಹೆಚ್ಚು ಬಂದ ಜೋಡಿಯನ್ನು ಬಿಟ್ಟು ಉಳಿಯುವ ಪಿನ್ನೇ ಕಾಮನ್. ಕಾಮನ್ನಿನಿಂದ ಕಡಿಮೆ ಬರುವುದು ಓಡಿಸುವ ವೈಂಡಿಂಗು, ಹೆಚ್ಚು ಬರುವುದು ಆರಂಭದ ವೈಂಡಿಂಗು. ಅಂಕೆಗಳು ಒಂದೊಂದು ಕಂಪ್ರೆಸರಿಗೆ ಬೇರೆಯಾಗಿರುತ್ತವೆ. ನೋಡಬೇಕಾದುದು ಕೂಡಿಕೆಯನ್ನು: ಚಿಕ್ಕವೆರಡು ಸೇರಿ ದೊಡ್ಡದಾಗಬೇಕು. 14 ಮತ್ತು 19 ಸೇರಿ 33, ಲೆಕ್ಕ ಸರಿಹೋಯಿತು. ಯಾವುದಾದರೂ ಜೋಡಿಯಲ್ಲಿ ಏನೂ ಬಾರದಿದ್ದರೆ ವೈಂಡಿಂಗು ಕಡಿದಿದೆ. ಲೆಕ್ಕ ತೀರ ತಪ್ಪಿದರೆ ಒಳಗೆ ಎರಡು ವೈಂಡಿಂಗುಗಳು ಒಂದಕ್ಕೊಂದು ತಗುಲಿರಬಹುದು.

ಕೊನೆಗೆ ಒಂದೊಂದು ಪಿನ್ನಿನಿಂದ, ಬಣ್ಣ ಕೆರೆದ ತಾಮ್ರದ ಕೊಳವೆಗೆ ಅತಿ ಹೆಚ್ಚಿನ ಓಮ್ ರೇಂಜಿನಲ್ಲಿ ಅಳೆದೆವು. ಏನೂ ಬರಲಿಲ್ಲ, ಬರಲೂ ಬಾರದು. ಬಂದರೆ ವೈಂಡಿಂಗು ಮೈಗೆ ತಗುಲಿದೆಯೆಂದೂ, ಅಂಥ ಫ್ರಿಜ್ಜನ್ನು ಮತ್ತೆ ಪ್ಲಗ್ಗಿಗೆ ಹಾಕಕೂಡದೆಂದೂ ತಿಳಿಯಬೇಕು. ಶಾಕು ಹೊಡೆಯುವ ಫ್ರಿಜ್ಜಿಗೆ ಈ ಮೀಟರಿನ ಸಾಕ್ಷ್ಯ ಸಾಲದು. ಹೆಚ್ಚು ವೋಲ್ಟಿನ ಮೆಗ್ಗರ್ ಎಂಬ ಉಪಕರಣದಿಂದ ನೋಡಿಸಬೇಕು.

ಸೋಮವಾರ ಸಂಜೆ ಸದಸ್ಯರು ಹಳೆಯ ರಿಲೇಯನ್ನೂ ಕಂಪ್ರೆಸರಿನ ಮೇಲಿನ ನಂಬರನ್ನೂ ಬಿಡಿಭಾಗದ ಅಂಗಡಿಗೆ ಒಯ್ದು, ಅದಕ್ಕೆ ಹೊಂದುವ ರಿಲೇಯನ್ನೇ ತಂದರು. ಕೂರಿಸಿ, ಮುಚ್ಚಳ ಹಾಕಿದ ಬಳಿಕವೇ ಪ್ಲಗ್ಗು ಚುಚ್ಚಿದೆವು. ಮುಚ್ಚಳ ತೆರೆದಿಟ್ಟು ಎಂದೂ ಚಾಲೂ ಮಾಡಬಾರದು; ದೋಷವಿರುವ ಕಂಪ್ರೆಸರಿನ ಪಿನ್ನು ಸಿಡಿಯುವುದುಂಟು. ಮೋಟಾರು ಒಮ್ಮೆಗೇ ತಿರುಗಿತು, "ಟಿಕ್" ಕೇಳಿಸಲಿಲ್ಲ. ರಾತ್ರಿ ಹತ್ತರ ಹೊತ್ತಿಗೆ ಮೇಲಿನ ಕೋಣೆಯಲ್ಲಿ ಹಿಮ ಕಟ್ಟತೊಡಗಿತು.

ಒಂದು ಮಾತನ್ನು ಮುಚ್ಚಿಡಬಾರದು. ಒಳಗಿನ ಪಿಸ್ಟನ್ನು ಬಿಗಿದು ನಿಂತಿದ್ದರೂ ಓಮ್ ಲೆಕ್ಕ ಸರಿಯಾಗಿಯೇ ಬರುತ್ತದೆ. ವೋಲ್ಟೇಜು ಸರಿಯಿದ್ದು, ಹೊಸ ರಿಲೇ ಹಾಕಿದ ಮೇಲೂ ಗುಂಯ್ ಮತ್ತು ಟಿಕ್ ಮುಂದುವರಿದರೆ ಕಂಪ್ರೆಸರ್ ಹೋಗಿದೆಯೆಂಬ ಮಾತನ್ನು ನಂಬಬೇಕಾಗುತ್ತದೆ. ಆದರೆ ವಿದ್ಯುತ್ತು ಹೋಗಿ ಕೂಡಲೇ ಬಂದಾಗ ಒಳ್ಳೆಯ ಫ್ರಿಜ್ಜೂ ಒಂದೆರಡು ಸಲ ಹೀಗೆ ಮಾಡುತ್ತದೆ. ಬಿಲ್ಲೆ ಇನ್ನೂ ಬಿಸಿಯಾಗಿರುತ್ತದೆ, ಗ್ಯಾಸಿನ ಒತ್ತಡ ಇಳಿದಿರುವುದಿಲ್ಲ. ಆಗ ಸ್ವಿಚ್ಚು ಆರಿಸಿ ಹತ್ತು ನಿಮಿಷ ಕಾದು ಹಾಕಿದರೆ ಸಾಕು.

ಹಳೆಯ ರಿಲೇ ನಮ್ಮ ವಾಚನಾಲಯದ ಮೇಜಿನ ಮೇಲಿದೆ. ಬಂದವರು ಅಲ್ಲಾಡಿಸಿ ನೋಡಬಹುದು.