ಸ್ಪೈಡರ್ ಪ್ಲಾಂಟಿನ ತುದಿ ಒಣಗುವುದೇಕೆ?

ತೂಗುಕುಂಡದಿಂದ ಇಳಿಬಿದ್ದ ಸ್ಪೈಡರ್ ಪ್ಲಾಂಟನ್ನು ಹತ್ತಿರದಿಂದ ನೋಡಿ. ಎಲೆ ಹಸಿರಾಗಿಯೇ ಇರುತ್ತದೆ, ಬಿಳಿ ಪಟ್ಟೆಯೂ ಚೆನ್ನಾಗಿರುತ್ತದೆ. ತುದಿಯ ಒಂದೆರಡು ಸೆಂಟಿಮೀಟರ್ ಮಾತ್ರ ಕಂದುಬಣ್ಣಕ್ಕೆ ತಿರುಗಿ, ಬೆರಳಲ್ಲಿ ಹೊಸಕಿದರೆ ಪುಡಿಯಾಗುವಷ್ಟು ಒಣಗಿರುತ್ತದೆ. ನೀರು ಸಾಲಲಿಲ್ಲವೇನೋ ಎಂದು ಬಹಳ ಮಂದಿ ಇನ್ನೊಂದು ಚೊಂಬು ಹಾಕುತ್ತಾರೆ. ಮನೆಗೆ ಬರುವುದು ಬೋರ್ ನೀರಾದರೆ ತುದಿ ಇನ್ನಷ್ಟು ಒಣಗುತ್ತದೆ.

ಆಫ್ರಿಕಾ ಮೂಲದ ಈ ಗಿಡ ಬಾಯಾರಿಕೆಗೆ ಸುಲಭವಾಗಿ ಸೋಲುವುದಿಲ್ಲ. ಕುಂಡದಿಂದ ಎತ್ತಿ ನೋಡಿದರೆ ದಪ್ಪನೆಯ ಬಿಳಿ ಬೇರುಗಳು ಕಾಣುತ್ತವೆ, ಅವೇ ಅದರ ನೀರಿನ ಉಗ್ರಾಣ. ನೀರು ಸಾಲದಿದ್ದರೆ ಇಡೀ ಎಲೆ ಪೇಲವವಾಗಿ ಜೋತುಬೀಳುತ್ತದೆ. ಬೇರು ಕೊಳೆತಿದ್ದರೆ ಬುಡದ ಕಡೆ ಮೆತ್ತಗಾಗಿ ಕಪ್ಪಾಗುತ್ತದೆ. ಎಲೆ ಗಟ್ಟಿಯಾಗಿದ್ದು ಹಳೆಯ ಎಲೆಗಳ ತುದಿ ಮಾತ್ರ ಒಣಗಿದ್ದರೆ, ಕುಂಡದ ಅಂಚಿಗೆ ಅಥವಾ ಮಣ್ಣಿನ ಮೇಲೆ ಬಿಳಿ ಪುಡಿ ಕಟ್ಟಿದ್ದರೆ, ಮೊದಲು ಅನುಮಾನಿಸಬೇಕಾದದ್ದು ನೀರಿನಲ್ಲಿ ಕರಗಿರುವ ಲವಣಗಳನ್ನು.

ಬೇರು ಹೀರಿದ ನೀರು ಎಲೆಯ ಉದ್ದಕ್ಕೂ ಹರಿದು ತುದಿ ಮುಟ್ಟುತ್ತದೆ, ದಾರಿಯುದ್ದಕ್ಕೂ ಆವಿಯಾಗುತ್ತದೆ. ನೀರು ಹಾರಿಹೋಗುತ್ತದೆ, ಅದರೊಂದಿಗೆ ಬಂದ ಸೋಡಿಯಂ, ಕ್ಲೋರೈಡ್, ಬೋರಾನ್, ಫ್ಲೋರೈಡ್ ಹಾರುವುದಿಲ್ಲ. ಗೀಸರ್ ಒಳಗೆ ಬಿಳಿ ಪದರ ಕಟ್ಟುವ ಹಾಗೆ ಇವು ಎಲೆಯ ಕೊನೆಯಲ್ಲಿ ಕೂಡುತ್ತಾ ಹೋಗುತ್ತವೆ. ಒಂದು ಮಟ್ಟ ಮೀರಿದಾಗ ಅಲ್ಲಿನ ಜೀವಕೋಶಗಳು ಸಾಯುತ್ತವೆ. ಇವುಗಳಲ್ಲಿ ಫ್ಲೋರೈಡ್ ಈ ಗಿಡಕ್ಕೆ ವಿಶೇಷವಾಗಿ ಆಗದು. ಇದರ ಹತ್ತಿರದ ಬಂಧು ಡ್ರಸೀನಾಕ್ಕೂ ಅದೇ ಪಾಡು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ಆಗಬಹುದು ಎನ್ನುತ್ತದೆ ಭಾರತೀಯ ಮಾನಕ. ಮನುಷ್ಯರಿಗೆ ಸರಿಯೆನಿಸಿದ ಆ ನೀರೂ ಎಲೆಯ ತುದಿಯನ್ನು ಕಂದಾಗಿಸಬಲ್ಲದು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯ ಅನೇಕ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಈ ಮಿತಿಯನ್ನೂ ದಾಟಿದೆ.

ಒಂದು ಲೆಕ್ಕ ಹಾಕೋಣ. ಬೋರ್ ನೀರಿನ ಟಿಡಿಎಸ್, ಅಂದರೆ ಕರಗಿದ ಒಟ್ಟು ಲವಣ, ಲೀಟರಿಗೆ 900 ಮಿಲಿಗ್ರಾಂ ಇದೆ ಎಂದಿಟ್ಟುಕೊಳ್ಳಿ. ವಾರಕ್ಕೆ ಎರಡು ಸಲ ಅರ್ಧರ್ಧ ಲೀಟರ್ ಹಾಕಿದರೆ ವಾರಕ್ಕೆ 0.9 ಗ್ರಾಂ, ವರ್ಷಕ್ಕೆ ಸುಮಾರು 47 ಗ್ರಾಂ ಲವಣ ಆ ಕುಂಡಕ್ಕೆ ಸೇರುತ್ತದೆ. ತಟ್ಟೆಯಿಂದ ನೀರು ಆಚೆ ಹೋಗದಿದ್ದರೆ ಅದರ ಬಹುಪಾಲು ಅಲ್ಲೇ ಉಳಿಯುತ್ತದೆ. ಇದಕ್ಕೆ ರಾಸಾಯನಿಕ ಗೊಬ್ಬರದ ಲವಣವೂ ಕೂಡುತ್ತದೆ. ಸೂಪರ್ ಫಾಸ್ಫೇಟಿನಲ್ಲಂತೂ ಫ್ಲೋರೈಡ್ ಕೂಡ ಇರುತ್ತದೆ, ಈ ಗಿಡಕ್ಕೆ ಅದು ಬೇಡ.

ನೀರನ್ನು ರಾತ್ರಿಯಿಡೀ ಬಕೆಟಿನಲ್ಲಿಟ್ಟರೆ ಸರಿಹೋಗುತ್ತದೆ ಎಂಬ ಮಾತು ನರ್ಸರಿಗಳಲ್ಲಿ ಕೇಳಿಬರುತ್ತದೆ. ಹಾಗೆ ಇಟ್ಟರೆ ಕ್ಲೋರಿನ್ ಸ್ವಲ್ಪ ಹೋದೀತು, ಫ್ಲೋರೈಡೂ ಲವಣವೂ ಕದಲುವುದಿಲ್ಲ. ಕುದಿಸಿದರೆ ನೀರು ಕಡಿಮೆಯಾಗಿ ಫ್ಲೋರೈಡ್ ಇನ್ನೂ ಗಾಢವಾಗುತ್ತದೆ. ವಾಟರ್ ಸಾಫ್ಟನರ್ ಕ್ಯಾಲ್ಸಿಯಂ ತೆಗೆದು ಸೋಡಿಯಂ ಸೇರಿಸುತ್ತದೆ, ಅದು ಗಿಡಕ್ಕೆ ಇನ್ನೂ ಕೆಟ್ಟದ್ದು. ಹೆಚ್ಚು ಮನೆಗಳಲ್ಲಿ ಆಗುವ ತಪ್ಪು ಮತ್ತೊಂದು: ಆರ್‌ಒ ಯಂತ್ರದಿಂದ ಆಚೆ ಬರುವ ನೀರು ಹಾಳಾಗಬಾರದೆಂದು ಅದನ್ನೇ ಗಿಡಕ್ಕೆ ಹಾಕುವುದು. ನಾಲ್ಕು ಲೀಟರಿನಲ್ಲಿ ಒಂದು ಲೀಟರ್ ಶುದ್ಧವಾಗಿ, ಮೂರು ಲೀಟರ್ ಹೊರಬಿದ್ದರೆ, ಲವಣವೆಲ್ಲ ಆ ಮೂರರಲ್ಲೇ ಉಳಿಯುತ್ತದೆ. 900 ಇದ್ದ ಟಿಡಿಎಸ್ ಅಲ್ಲಿ 1,200ರ ಹತ್ತಿರ ಹೋಗುತ್ತದೆ. ಆ ನೀರು ನೆಲ ತೊಳೆಯಲು, ಶೌಚಾಲಯಕ್ಕೆ ಇರಲಿ.

ಈ ಗಿಡಕ್ಕೆ ಮಳೆನೀರಿನಷ್ಟು ಹಿತವಾದದ್ದು ಬೇರೊಂದಿಲ್ಲ. ಎಸಿಯಿಂದ ತೊಟ್ಟಿಕ್ಕುವ ನೀರಿನಲ್ಲೂ ಲವಣ ಇರುವುದಿಲ್ಲವೆನ್ನಬಹುದು. ಇವೆರಡೂ ಸಿಗದಿದ್ದರೆ ಆರ್‌ಒದ ಶುದ್ಧ ನೀರಿಗೆ ಬೋರ್ ನೀರನ್ನು ಸಮಸಮ ಬೆರೆಸಿ. ಜೊತೆಗೆ ತಿಂಗಳಿಗೊಮ್ಮೆ ಮಣ್ಣನ್ನು ತೊಳೆಯಬೇಕು. ಎರಡು ಲೀಟರ್ ಮಣ್ಣು ಹಿಡಿಯುವ ಕುಂಡವಾದರೆ, ಅದನ್ನು ಬಚ್ಚಲಿಗೆ ಒಯ್ದು ನಾಲ್ಕೈದು ಲೀಟರ್ ನೀರನ್ನು ನಿಧಾನಕ್ಕೆ ಸುರಿದು, ತಳದ ತೂತಿನಿಂದ ಪೂರ್ತಿ ಇಳಿಯಲು ಬಿಡಿ. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿ, ಇಲ್ಲದಿದ್ದರೆ ಇಳಿದ ಲವಣ ಮತ್ತೆ ಮೇಲೇರುತ್ತದೆ. ಮಣ್ಣಿನ ಮೇಲಿನ ಬಿಳಿ ಪದರವನ್ನೂ ಕೆರೆದು ತೆಗೆಯಿರಿ.

ಕಾರಣ ನೀರೇ ಎಂದು ಖಚಿತಪಡಿಸಿಕೊಳ್ಳಲು ಗಿಡವೇ ಅನುಕೂಲ ಮಾಡಿಕೊಟ್ಟಿದೆ. ಒಂದೇ ತಾಯಿಗಿಡದ ಎರಡು ಮರಿಗಳನ್ನು ಒಂದೇ ಅಳತೆಯ ಕುಂಡಗಳಲ್ಲಿ, ಒಂದೇ ಬೆಳಕಿನಲ್ಲಿ ನೆಟ್ಟು, ಒಂದಕ್ಕೆ ನಲ್ಲಿ ನೀರು, ಇನ್ನೊಂದಕ್ಕೆ ಮಳೆನೀರು ಕೊಡಿ. ಕೆಲವು ತಿಂಗಳಲ್ಲಿ ವ್ಯತ್ಯಾಸ ಕಾಣದಿದ್ದರೆ ಉರಿಬಿಸಿಲು, ಒಣಗಾಳಿ, ಕುಂಡದಲ್ಲಿ ಇಕ್ಕಟ್ಟಾದ ಬೇರು, ಅತಿಯಾದ ಗೊಬ್ಬರ ಇವುಗಳತ್ತ ನೋಡಬೇಕು.

ಒಣಗಿದ ತುದಿ ಮತ್ತೆ ಹಸಿರಾಗುವುದಿಲ್ಲ. ನೋಟಕ್ಕೆ ಬೇಕಾದರೆ ಹಸಿರು ಭಾಗಕ್ಕೆ ತಾಗದಂತೆ, ಕಂದು ಅಂಚನ್ನು ಕೂದಲೆಳೆಯಷ್ಟು ಉಳಿಸಿ ಕತ್ತರಿಸಬಹುದು. ನೀರು ಬದಲಿಸಿದ್ದು ಫಲಿಸಿತೇ ಎಂಬುದನ್ನು ಹಳೆಯ ಎಲೆಗಳಲ್ಲಿ ಹುಡುಕಬೇಡಿ, ಆಮೇಲೆ ನಡುವಿನಿಂದ ಬರುವ ಹೊಸ ಎಲೆಗಳ ತುದಿಯನ್ನು ನೋಡಿ.