ಹೊಸ ಸಂಗತಿ ಬಂತು, ವಾದ ಏನಾಯಿತು?

1854ರ ಆಗಸ್ಟ್ ತಿಂಗಳ ಕೊನೆಯ ದಿನ ಲಂಡನ್ನಿನ ಸೋಹೊ ಬಡಾವಣೆಯಲ್ಲಿ ಕಾಲರಾ ಭುಗಿಲೆದ್ದಿತು. ಹತ್ತೇ ದಿನಗಳಲ್ಲಿ ಐನೂರಕ್ಕೂ ಹೆಚ್ಚು ಜನರಿಗೆ ಪ್ರಾಣಾಂತಕವಾಗಿ ತಗುಲಿತು. ಸತ್ತವರ ಮನೆಗಳನ್ನು ಒಂದೊಂದಾಗಿ ಗುರುತು ಹಾಕುತ್ತ ಹೋದರೆ ಹೆಚ್ಚಿನವು ಬ್ರಾಡ್ ಸ್ಟ್ರೀಟಿನಲ್ಲಿದ್ದ ಒಂದು ಕೈಪಂಪಿನ ಸುತ್ತಮುತ್ತಲೇ ಇದ್ದವು. ಕಾಯಿಲೆ ಹರಡಿದ್ದು ಆ ಪಂಪಿನ ನೀರಿನಿಂದಲೇ ಎಂದು ಜಾನ್ ಸ್ನೋ ಎಂಬ ವೈದ್ಯರು ವಾದಿಸಿದರು.

ಕಾನೂನು ಕಾಲೇಜುಗಳ ಪ್ರವೇಶ ಪರೀಕ್ಷೆಯಲ್ಲಿ ಇಷ್ಟನ್ನು ಓದಲು ಕೊಟ್ಟು, ಕೆಳಗೆ ಹೀಗೊಂದು ಪ್ರಶ್ನೆ ಕೇಳಿದ್ದಾರೆ ಎಂದುಕೊಳ್ಳೋಣ: "ಇವುಗಳಲ್ಲಿ ಯಾವುದು, ನಿಜವೆಂದು ಒಪ್ಪಿಕೊಂಡರೆ, ಸ್ನೋ ಅವರ ವಾದವನ್ನು ಅತಿ ಹೆಚ್ಚು ಬಲಪಡಿಸುತ್ತದೆ?" ಮೊದಲ ಆಯ್ಕೆ: ಐದು ವರ್ಷ ಹಿಂದೆ, 1849ರಲ್ಲೂ, ಕಾಲರಾ ಲಂಡನ್ನಿನಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತ್ತು. ಎರಡನೆಯದು: 1853ರಲ್ಲಿ ರಾಣಿ ವಿಕ್ಟೋರಿಯಾರ ಹೆರಿಗೆಯ ವೇಳೆ ಕ್ಲೋರೋಫಾರ್ಮ್ ಕೊಟ್ಟ ಹೆಸರಾಂತ ವೈದ್ಯರು ಈ ಸ್ನೋ. ಮೂರನೆಯದು: ಪಂಪಿಗೆ ಹತ್ತಿರವಾದಷ್ಟೂ ಸಾವುಗಳು ಹೆಚ್ಚು, ದೂರವಾದಷ್ಟೂ ಕಡಿಮೆ. ನಾಲ್ಕನೆಯದು: ಪಂಪಿನ ಹತ್ತಿರವೇ ಇದ್ದ ಬಿಯರ್ ಕಾರ್ಖಾನೆಯಲ್ಲಿ ಎಪ್ಪತ್ತಕ್ಕೂ ಹೆಚ್ಚು ಕೆಲಸಗಾರರಿದ್ದರು; ಅವರು ಆ ಪಂಪಿನ ನೀರು ಕುಡಿಯುತ್ತಿರಲಿಲ್ಲ, ಅವರಲ್ಲಿ ಒಬ್ಬರೂ ಕಾಲರಾದಿಂದ ಸಾಯಲಿಲ್ಲ.

ನಾಲ್ಕೂ ಚರಿತ್ರೆಯಲ್ಲಿ ನಡೆದ ಸಂಗತಿಗಳೇ. ಮೇಲ್ನೋಟಕ್ಕೆ ನಾಲ್ಕೂ ಸ್ನೋ ಅವರ ಕಡೆಗೇ ವಾಲಿದಂತೆ ಕಾಣುತ್ತವೆ. ಅಂಕ ಸಿಗುವುದು ಮಾತ್ರ ಒಂದಕ್ಕೆ.

ಇಂಥ ಪ್ರಶ್ನೆಗಳು ಅಮೆರಿಕದ ಎಲ್‌ಸ್ಯಾಟ್ ಮತ್ತು ಜಿಮ್ಯಾಟ್ ಪರೀಕ್ಷೆಗಳಲ್ಲಿ ಬಹಳ ಕಾಲದಿಂದ ಇವೆ. ನಮ್ಮಲ್ಲಿ ಬ್ಯಾಂಕ್ ಅಧಿಕಾರಿಗಳ ನೇಮಕಾತಿ ಪರೀಕ್ಷೆಗಳಲ್ಲೂ ಬರುತ್ತವೆ. ಬೆಂಗಳೂರಿನ ನಾಗರಬಾವಿಯಲ್ಲಿರುವ ರಾಷ್ಟ್ರೀಯ ಕಾನೂನು ಶಾಲೆ ಸೇರಬೇಕೆಂದು ಪಿಯುಸಿ ಮುಗಿಸಿದ ಮಕ್ಕಳು ಬರೆಯುವ ಕ್ಲ್ಯಾಟ್ ಪರೀಕ್ಷೆ 2020ರಲ್ಲಿ ತನ್ನ ಸ್ವರೂಪ ಬದಲಿಸಿಕೊಂಡು, ಉದ್ದನೆಯ ಭಾಗವೊಂದನ್ನು ಓದಿಸಿ ಅದರ ಮೇಲೆ ಪ್ರಶ್ನೆ ಕೇಳುವ ಪದ್ಧತಿಗೆ ಬಂದ ಮೇಲಂತೂ ತರ್ಕದ ವಿಭಾಗದಲ್ಲಿ ಇವು ತಪ್ಪುವುದೇ ಇಲ್ಲ. ಅಲ್ಲಿ ಸರಿಯುತ್ತರಕ್ಕೆ ಒಂದು ಅಂಕ, ತಪ್ಪಿಗೆ ಕಾಲು ಅಂಕ ಕಡಿತ.

ಪ್ರಶ್ನೆಯಲ್ಲಿರುವ "ನಿಜವೆಂದು ಒಪ್ಪಿಕೊಂಡರೆ" ಎಂಬ ಮಾತನ್ನು ಅವಸರದಲ್ಲಿ ಓದುವವರು ಹಾರಿಸಿಬಿಡುತ್ತಾರೆ. ಕೊಟ್ಟ ಸಂಗತಿ ನಂಬುವಂಥದ್ದೋ ಅಲ್ಲವೋ ಎಂದು ವಿಚಾರಿಸುವುದು ಇಲ್ಲಿ ಪರೀಕ್ಷಾರ್ಥಿಯ ಕೆಲಸವೇ ಅಲ್ಲ. ಆ ತಕರಾರನ್ನು ಪ್ರಶ್ನೆ ತೆಗೆದವರೇ ಬಗೆಹರಿಸಿಕೊಟ್ಟಿದ್ದಾರೆ. ಉಳಿಯುವುದು ಒಂದೇ ವಿಚಾರ: ಈ ಸಂಗತಿ ಗೊತ್ತಾದ ಮೇಲೆ ತೀರ್ಮಾನದ ಮೇಲಿನ ನಂಬಿಕೆ ಮೊದಲಿಗಿಂತ ಹೆಚ್ಚಿತೋ, ಕುಗ್ಗಿತೋ, ಇದ್ದಲ್ಲೇ ಇದೆಯೋ?

ಇದನ್ನು ಅಳೆಯಬೇಕಾದರೆ ವಾದದಲ್ಲಿ ಬಿರುಕು ಎಲ್ಲಿದೆ ಎಂದು ಮೊದಲು ಕಂಡುಕೊಳ್ಳಬೇಕು. ಸ್ನೋ ಅವರ ಕೈಯಲ್ಲಿದ್ದ ಆಧಾರ, ಸಾವುಗಳು ಪಂಪಿನ ಸುತ್ತ ಗುಂಪುಗೂಡಿವೆ ಎಂಬುದು. ತೀರ್ಮಾನ, ಪಂಪಿನ ನೀರು ಕಾರಣ ಎಂಬುದು. ಇವೆರಡರ ನಡುವೆ ಒಂದು ದೊಡ್ಡ ಜಿಗಿತವಿದೆ. ಪಂಪಿನ ಸುತ್ತ ಇದ್ದದ್ದು ನೀರೊಂದೇ ಅಲ್ಲ, ಗಾಳಿಯೂ ಇತ್ತು. ಕೊಳೆತ ವಸ್ತುಗಳಿಂದೇಳುವ ದುರ್ವಾಸನೆಯ ಗಾಳಿಯೇ ಕಾಲರಾ ತರುತ್ತದೆಂದು ಆ ಕಾಲದ ಹೆಚ್ಚಿನ ವೈದ್ಯರು, ಸರ್ಕಾರದ ಆರೋಗ್ಯ ಮಂಡಳಿಯವರು ಸಹ ನಂಬಿದ್ದರು. ಬಡವರು ಒತ್ತೊತ್ತಾಗಿ ವಾಸಿಸುತ್ತಿದ್ದ, ಗಲೀಜು ತುಂಬಿದ ಬೀದಿ ಅದು. ಗಾಳಿ ಕೆಟ್ಟಿದ್ದರೂ ಸಾವುಗಳು ಅಲ್ಲಿಯೇ ಗುಂಪಾಗುತ್ತಿದ್ದವು. ಅಂದರೆ ಸ್ನೋ ಅವರ ನಕ್ಷೆಯನ್ನು ಅವರ ಎದುರಾಳಿಗಳೂ ತಮ್ಮ ಪರವಾಗಿ ತೋರಿಸಬಹುದಿತ್ತು!

ಈಗ ಆಯ್ಕೆಗಳಿಗೆ ಮರಳಿದರೆ ಮೂರನೆಯದರ ಬಣ್ಣ ಬಯಲಾಗುತ್ತದೆ. ಹತ್ತಿರದಲ್ಲಿ ಹೆಚ್ಚು ಸಾವು, ದೂರದಲ್ಲಿ ಕಡಿಮೆ ಎಂಬುದು ಈಗಾಗಲೇ ಹೇಳಿದ್ದನ್ನೇ ಇನ್ನೊಂದು ಮಾತಿನಲ್ಲಿ ಹೇಳುತ್ತದೆ, ಅಷ್ಟೇ. ನೀರು ಕಾರಣವಾದರೂ ಹಾಗೆಯೇ ಕಾಣುತ್ತದೆ, ಗಾಳಿ ಕಾರಣವಾದರೂ ಹಾಗೆಯೇ. ಚೆನ್ನಾಗಿ ಓದಿಕೊಂಡ ವಿದ್ಯಾರ್ಥಿಗಳೂ ಬೀಳುವ ಗುಂಡಿ ಇದೇ. ಮೊದಲನೆಯದು ವಿಷಯಕ್ಕೆ ಸೇರಿದ್ದು, ವಾದಕ್ಕೆ ಸೇರಿದ್ದಲ್ಲ. ಹಳೆಯ ಪಿಡುಗಿನ ಸಾವುಗಳು ಈ ಪಂಪಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಎರಡನೆಯದು ವ್ಯಕ್ತಿಯ ದೊಡ್ಡಸ್ತಿಕೆಯನ್ನು ವಾದದ ಖಾತೆಗೆ ಜಮಾ ಮಾಡಲು ನೋಡುತ್ತದೆ. ರಾಣಿಗೆ ಅರಿವಳಿಕೆ ಕೊಟ್ಟ ಕೈಗುಣದಿಂದ ಸೋಹೊದ ನೀರು ಕೆಟ್ಟದ್ದಾಗುವುದಿಲ್ಲ.

ನಾಲ್ಕನೆಯದರ ಬಗೆ ಬೇರೆ. ಬಿಯರ್ ಕಾರ್ಖಾನೆಯ ಆಳುಗಳು ಉಸಿರಾಡಿದ್ದು ಬ್ರಾಡ್ ಸ್ಟ್ರೀಟಿನ ಅದೇ ಗಾಳಿಯನ್ನು. ಬದಲಾಗಿದ್ದು ನೀರು ಮಾತ್ರ. ಕಾರ್ಖಾನೆಗೆ ಸ್ವಂತ ಬಾವಿಯಿತ್ತು, ಕುಡಿಯಲು ಬಿಯರನ್ನೂ ಕೊಡುತ್ತಿದ್ದರು; ಇವರು ನೀರನ್ನೇ ಮುಟ್ಟುವುದಿಲ್ಲವೇನೋ ಎಂದು ಯಜಮಾನರು ಸ್ನೋ ಅವರಿಗೆ ಹೇಳಿದ್ದರು. ಗಾಳಿ ಕಾರಣವಾಗಿದ್ದರೆ ಇವರಲ್ಲೂ ಸಾವುಗಳಾಗಬೇಕಿತ್ತು. ಎರಡು ವಿವರಣೆಗಳು ಇಲ್ಲಿ ಕವಲೊಡೆಯುತ್ತವೆ, ಸಂಗತಿ ಒಂದರ ಕಡೆ ನಿಲ್ಲುತ್ತದೆ. ಹತ್ತಿರದ ಪೋಲೆಂಡ್ ಸ್ಟ್ರೀಟಿನಲ್ಲಿ ದಿಕ್ಕಿಲ್ಲದ ಬಡವರಿಗೆ ಕೆಲಸ, ಊಟ ಕೊಡುವ ಆಶ್ರಯಮನೆಯೊಂದಿತ್ತು. ಸುತ್ತಮುತ್ತಲ ಮನೆಗಳಲ್ಲಿ ಕಾಲರಾ ತಾಂಡವವಾಡುತ್ತಿದ್ದಾಗ ಆ ಆಶ್ರಯದ 535 ಮಂದಿಯಲ್ಲಿ ಸತ್ತವರು ಐದೇ ಜನ. ಅವರಿಗೂ ಸ್ವಂತ ಬಾವಿ ಇತ್ತು.

ಪರೀಕ್ಷೆಯ ಕೊಠಡಿಯಲ್ಲಿ ಇದನ್ನು ತಿಳಿಯಲು ಒಂದು ಉಪಾಯವಿದೆ. ಆಯ್ಕೆಯನ್ನು ತಲೆಕೆಳಗು ಮಾಡಿ ನೋಡುವುದು. "ಕಾರ್ಖಾನೆಯವರು ಪಂಪಿನ ನೀರು ಕುಡಿಯದಿದ್ದರೂ ಹತ್ತಾರು ಜನ ಸತ್ತರು" ಎಂದಿದ್ದರೆ ಸ್ನೋ ಅವರ ವಾದ ಕುಸಿಯುತ್ತಿತ್ತು. ಹೀಗೆ ಮಗುಚಿದಾಗ ತೀರ್ಮಾನ ಅಲುಗಾಡಿದರೆ ಆ ಸಂಗತಿಗೆ ತೂಕವಿದೆ ಎಂದರ್ಥ. "1849ರಲ್ಲಿ ಕಾಲರಾ ಬಂದಿರಲಿಲ್ಲ" ಎಂದು ಮಗುಚಿದರೂ ಪಂಪಿನ ವಾದ ಕದಲುವುದಿಲ್ಲ. ಆ ಆಯ್ಕೆಯನ್ನು ನಿಶ್ಚಿಂತೆಯಿಂದ ಬಿಡಬಹುದು.

ಸ್ನೋ ಅವರಿಗೆ ಸಿಕ್ಕ ಇನ್ನೊಂದು ಸಂಗತಿ ಇದಕ್ಕಿಂತಲೂ ಚುರುಕಾದದ್ದು. ಸೋಹೊದಿಂದ ಮೈಲುಗಟ್ಟಲೆ ದೂರದ ಹ್ಯಾಂಪ್‌ಸ್ಟೆಡ್ಡಿನಲ್ಲಿ ವಿಧವೆಯೊಬ್ಬರು ಕಾಲರಾದಿಂದ ಸತ್ತಿದ್ದರು. ಆ ಊರಿನಲ್ಲಿ ಆಗ ಕಾಲರಾ ಇರಲಿಲ್ಲ. ವಿಚಾರಿಸಿದಾಗ ಆಕೆಯ ಮಗ ಹೇಳಿದ್ದು: ತಾಯಿ ಮೊದಲು ಬ್ರಾಡ್ ಸ್ಟ್ರೀಟಿನಲ್ಲಿದ್ದವರು, ಅಲ್ಲಿನ ನೀರಿನ ರುಚಿ ಹತ್ತಿತ್ತು, ಗಾಡಿಯಲ್ಲಿ ಬಾಟಲಿ ತುಂಬಿಸಿ ತರಿಸಿಕೊಳ್ಳುತ್ತಿದ್ದರು. ನೋಡಲು ಬಂದಿದ್ದ ಸೊಸೆಯಂಥ ನೆಂಟಳೂ ಅದೇ ನೀರು ಕುಡಿದು, ಇಸ್ಲಿಂಗ್ಟನ್ನಿನ ತನ್ನ ಮನೆಗೆ ಹೋಗಿ ಸತ್ತಳು. ಕಾರ್ಖಾನೆಯಲ್ಲಿ ಗಾಳಿ ಒಂದೇ, ನೀರು ಬೇರೆ. ಇಲ್ಲಿ ನೀರು ಒಂದೇ, ಗಾಳಿ ಬೇರೆ. ಇವೆರಡನ್ನೂ ಒಟ್ಟಿಗೆ ಇಟ್ಟಾಗ ಗಾಳಿಯ ವಾದಕ್ಕೆ ತಪ್ಪಿಸಿಕೊಳ್ಳುವ ದಾರಿ ಬಹಳ ಕಿರಿದಾಗುತ್ತದೆ.

ದುರ್ಬಲಗೊಳಿಸುವ ಸಂಗತಿ ಹೇಗಿರುತ್ತದೆ? ಅದಕ್ಕೂ ಉದಾಹರಣೆ ಇದೇ ಪ್ರಕರಣದಲ್ಲಿದೆ. ಸೆಪ್ಟೆಂಬರ್ ಮೊದಲ ವಾರದಲ್ಲಿ ಸ್ನೋ ಆ ಪಂಪಿನ ನೀರನ್ನು ಪರೀಕ್ಷಿಸಿದಾಗ ಮೊದಲಿಗೆ ಹೇಳಿಕೊಳ್ಳುವಂಥ ಕಲ್ಮಶವೇನೂ ಕಾಣಲಿಲ್ಲ. ಇದು ಅವರ ವಾದಕ್ಕೆ ಪೆಟ್ಟು, ಆದರೆ ಸಣ್ಣ ಪೆಟ್ಟು. ಕಣ್ಣಿಗೆ ಬೀಳದ್ದು ನೀರಿನಲ್ಲಿ ಇಲ್ಲವೇ ಇಲ್ಲ ಎನ್ನಲಾಗದು. ದುರ್ಬಲಗೊಳಿಸುವ ಆಯ್ಕೆ ತೀರ್ಮಾನವನ್ನು ಸುಳ್ಳೆಂದು ಸಾಧಿಸಬೇಕೆಂದು ಹಟ ಹಿಡಿಯುವವರು ಸರಿಯುತ್ತರವನ್ನೇ ಕೈಬಿಡುತ್ತಾರೆ. ನಂಬಿಕೆ ಮೊದಲಿಗಿಂತ ಕಡಿಮೆಯಾದರೆ ಸಾಕು, ಉಳಿದ ಆಯ್ಕೆಗಳಿಗಿಂತ ಹೆಚ್ಚು ಕಡಿಮೆಯಾಗಬೇಕು, ಅಷ್ಟೇ.

ಸ್ನೋ ಅವರ ವಾದವನ್ನು ಮುರಿಯಲೆಂದೇ ಹೊರಟ ಒಬ್ಬರಿದ್ದರು. ಆ ಬಡಾವಣೆಯ ಚರ್ಚಿನ ತರುಣ ಪಾದ್ರಿ ಹೆನ್ರಿ ವೈಟ್‌ಹೆಡ್. ಬೀದಿಯ ಮನೆಮನೆಯೂ ಅವರಿಗೆ ಪರಿಚಿತ. ಪಂಪಿನ ನೀರು ಕುಡಿದೂ ಆರೋಗ್ಯವಾಗಿರುವವರು, ಕುಡಿಯದೆಯೂ ಕಾಯಿಲೆ ಬಿದ್ದವರು ಎಷ್ಟೋ ಜನ ಸಿಗುತ್ತಾರೆಂದು ಅವರು ಎಣಿಸಿದ್ದರು. ಕಾರಣದ ವಾದಗಳನ್ನು ಸಡಿಲಿಸುವ ಬಗೆಯೇ ಅದು: ಕಾರಣವಿದ್ದೂ ಪರಿಣಾಮ ಇಲ್ಲ ಎಂದು ತೋರಿಸಬೇಕು, ಇಲ್ಲವೇ ಕಾರಣವಿಲ್ಲದೆಯೂ ಪರಿಣಾಮ ಇದೆ ಎಂದು. ಅವರು ಬ್ರಾಡ್ ಸ್ಟ್ರೀಟಿನ ನಿವಾಸಿಗಳನ್ನು ಕೇಳುತ್ತ ಹೋದರು. ನೀರು ಕುಡಿದ 137 ಜನರಲ್ಲಿ 80 ಮಂದಿಗೆ ಕಾಲರಾ ತಗುಲಿತ್ತು. ಕುಡಿಯದ 297 ಜನರಲ್ಲಿ 20 ಮಂದಿಗೆ.

ಈ ಲೆಕ್ಕದಲ್ಲಿ ಒಂದು ಸಾಲನ್ನು ಮುಚ್ಚಿಟ್ಟು ನೋಡಿದರೆ ಪರೀಕ್ಷೆಯ ಇನ್ನೊಂದು ಕುಟಿಲತೆ ಕಾಣುತ್ತದೆ. "ಕಾಯಿಲೆ ಬಿದ್ದವರಲ್ಲಿ 80 ಜನ ಪಂಪಿನ ನೀರು ಕುಡಿದವರು" ಎಂದಷ್ಟೇ ಹೇಳಿದರೆ ಅದು ಬಹಳ ಬಲವಾದ ಆಧಾರದಂತೆ ಕೇಳಿಸುತ್ತದೆ. ಬೀದಿಯವರೆಲ್ಲ ಅದೇ ನೀರು ಕುಡಿಯುತ್ತಿದ್ದರೆ ಕಾಯಿಲೆಯವರೂ ಕುಡಿದಿರುವುದರಲ್ಲಿ ವಿಶೇಷವೇನು? ಕುಡಿಯದವರ ಲೆಕ್ಕ ಪಕ್ಕಕ್ಕೆ ಬಂದಾಗ ಮಾತ್ರ 80ಕ್ಕೆ ಅರ್ಥ ಬರುತ್ತದೆ. ಇನ್ನು ಆ 20 ಜನ? ಅವರು ಕುಡಿಯದೆಯೂ ಕಾಯಿಲೆ ಬಿದ್ದವರು. "ಪಂಪಿನ ನೀರೊಂದೇ ಕಾರಣ" ಎಂಬುದು ತೀರ್ಮಾನವಾಗಿದ್ದರೆ ಅವರು ಅದನ್ನು ಕೆಡವುತ್ತಾರೆ. "ಮುಖ್ಯ ಕಾರಣ" ಎಂಬುದು ತೀರ್ಮಾನವಾಗಿದ್ದರೆ ಅದಕ್ಕೆ ಹೆಚ್ಚೇನೂ ಆಗುವುದಿಲ್ಲ. ತೀರ್ಮಾನದ ವಾಕ್ಯದಲ್ಲಿ "ಮಾತ್ರ", "ಎಲ್ಲ", "ಬಹುಪಾಲು" ಎಂಬಂಥ ಮಾತುಗಳ ಕೆಳಗೆ ಗೆರೆ ಎಳೆದುಕೊಳ್ಳುವ ಅಭ್ಯಾಸ ಕೆಲಸಕ್ಕೆ ಬರುವುದು ಇಲ್ಲಿ. ವೈಟ್‌ಹೆಡ್ ತಮ್ಮ ಲೆಕ್ಕಕ್ಕೆ ತಾವೇ ತಲೆಬಾಗಿ ಸ್ನೋ ಅವರ ಪಕ್ಷಕ್ಕೆ ಬಂದರು.

ಸೆಪ್ಟೆಂಬರ್ 8ರಂದು ಪಂಪಿನ ಹಿಡಿಯನ್ನು ಕಳಚಲಾಯಿತು, ಪಿಡುಗು ನಿಂತಿತು. ಹಿಡಿ ತೆಗೆದದ್ದರಿಂದಲೇ ನಿಂತಿತು ಎಂದು ಇಂದಿಗೂ ಅನೇಕರು ಹೇಳುತ್ತಾರೆ. ಇದು ಬೇರೆಯೇ ವಾದ. ಇದಕ್ಕೆ ಎದುರಾಗಿ ಸ್ನೋ ಅವರ ಪಟ್ಟಿಯೇ ಇದೆ: ಸೆಪ್ಟೆಂಬರ್ 1ರಂದು 143 ಮಂದಿಗೆ ಪ್ರಾಣಾಂತಕವಾಗಿ ತಗುಲಿದ್ದ ಕಾಯಿಲೆ, 8ರ ಹೊತ್ತಿಗೆ 12ಕ್ಕೆ ಇಳಿದಿತ್ತು. ಜನ ಆಗಲೇ ಊರು ಬಿಟ್ಟು ಓಡಿದ್ದರು. ಪಿಡುಗು ತಾನಾಗಿಯೇ ಇಳಿಯುತ್ತಿದ್ದುದರಿಂದ ಹಿಡಿ ತೆಗೆದದ್ದರ ಪರಿಣಾಮ ಎಷ್ಟೆಂದು ಹೇಳಲು ಬಾರದು ಎಂದು ಸ್ನೋ ತಾವೇ ಒಪ್ಪಿಕೊಂಡಿದ್ದಾರೆ. ಈ ಸಂಗತಿ ಎರಡನೆಯ ವಾದವನ್ನು ಚೆನ್ನಾಗಿ ದುರ್ಬಲಗೊಳಿಸುತ್ತದೆ. ಕಾಯಿಲೆಗೆ ಪಂಪಿನ ನೀರು ಕಾರಣ ಎಂಬ ಮೊದಲ ವಾದವನ್ನು ಅದು ಮುಟ್ಟುವುದೂ ಇಲ್ಲ. ಪ್ರಶ್ನೆ ಮೊದಲನೆಯ ವಾದದ ಬಗ್ಗೆ ಇದ್ದಾಗ ಈ ಆಯ್ಕೆಗೆ ಗುರುತು ಹಾಕಿದವರಿಗೆ ಕಾಲು ಅಂಕ ಹೋಯಿತು.

ವೈಟ್‌ಹೆಡ್ ಮತ್ತೊಂದನ್ನು ಪತ್ತೆಹಚ್ಚಿದರು. ಪಂಪಿನ ಎದುರಿಗಿದ್ದ 40ನೇ ನಂಬರಿನ ಮನೆಯಲ್ಲಿ ಹಸುಗೂಸೊಂದು ಎಲ್ಲರಿಗಿಂತ ಮೊದಲೇ ಭೇದಿಯಿಂದ ಮಲಗಿತ್ತು. ಅದರ ಬಟ್ಟೆ ತೊಳೆದ ನೀರನ್ನು ತಾಯಿ ಮನೆ ಮುಂದಿನ ಮಲದ ಗುಂಡಿಗೆ ಸುರಿದಿದ್ದಳು. ಮುಂದೆ ಅಗೆದು ನೋಡಿದಾಗ ಗುಂಡಿಗೂ ಬಾವಿಗೂ ಮೂರಡಿಗಿಂತ ಕಡಿಮೆ ಅಂತರ, ಇಟ್ಟಿಗೆಗಳು ಸಡಿಲಗೊಂಡು ಕೊಳೆ ಬಾವಿಯತ್ತ ಇಳಿಯುತ್ತಿತ್ತು. ಹಿಡಿ ಕಳಚಿದ ಸೆಪ್ಟೆಂಬರ್ 8ರಂದೇ ಆ ಮಗುವಿನ ತಂದೆಗೂ ಕಾಲರಾ ಬಂತು, ತಾಯಿ ಮತ್ತೆ ಅದೇ ಗುಂಡಿಗೆ ಸುರಿಯತೊಡಗಿದಳು. ಹಿಡಿ ತೆಗೆದದ್ದು ಮೊದಲ ಪಿಡುಗನ್ನು ನಿಲ್ಲಿಸದಿದ್ದರೂ ಎರಡನೆಯದನ್ನು ತಡೆಯಿತು ಎಂಬ ಮೂರನೆಯ ವಾದಕ್ಕೆ ಇದರಷ್ಟು ಬಲ ಕೊಡುವ ಸಂಗತಿ ಬೇರೆ ಸಿಗಲಿಲ್ಲ.