ಬಿಟ್ಟುಹೋದ ಸೆಮಿಕೋಲನ್, ಹೆಚ್ಚಾದ ಸೆಮಿಕೋಲನ್

“ಹನ್ನೆರಡನೇ ಸಾಲಿನಲ್ಲಿ ತಪ್ಪಿದೆ ಅಂತಿದೆ ಕಂಪ್ಯೂಟರು. ನಾನು ಬರೆದಿರೋದೇ ಹನ್ನೊಂದು ಸಾಲು!” ಪ್ರೋಗ್ರಾಮರ್‌ಗಳು ಕೇಳಿದ ಕೂಡಲೇ ನಗುವ ಜೋಕಿದು. ಕೋಡ್ ಬರೆದೇ ಇಲ್ಲದವರಿಗೆ ಇದರಲ್ಲಿ ನಗುವಂಥದ್ದೇನೂ ಕಾಣುವುದಿಲ್ಲ. ಆದರೆ ಇದರ ಹಿಂದೆ ಒಂದು ನಿಜವಾದ ಕಾರಣವಿದೆ.

ಸಿ ಭಾಷೆಯ ಈ ಎರಡು ಸಾಲು ನೋಡಿ. ಟಿಕೆಟ್ಟಿನ ದರ 40 ರೂಪಾಯಿ, ಪ್ರಯಾಣಿಕ ಕೊಟ್ಟದ್ದು 100, ಉಳಿದ ಚಿಲ್ಲರೆ ಎಷ್ಟು ಎಂಬ ಲೆಕ್ಕ.

```c
int dara = 40
int chillare = 100 - dara;
```

ಮೊದಲ ಸಾಲಿನ ಕೊನೆಗೆ ಸೆಮಿಕೋಲನ್ ಬಿಟ್ಟುಹೋಗಿದೆ. ನಾವು ಬರೆದದ್ದನ್ನು ಯಂತ್ರದ ಆಜ್ಞೆಗಳಾಗಿ ಬದಲಿಸುವ ತಂತ್ರಾಂಶವೇ ಕಂಪೈಲರ್. ಸಿ ಭಾಷೆಯ ಕಂಪೈಲರ್‌ಗೆ ಸಾಲು ಮುಗಿದರೆ ಮಾತು ಮುಗಿದಂತಲ್ಲ, ಸೆಮಿಕೋಲನ್ ಬಂದಾಗಲೇ ಮುಗಿಯುವುದು. ಹಾಗಾಗಿ 40 ಆದಮೇಲೂ ಅದು ಓದುತ್ತಾ ಕೆಳಗಿಳಿಯುತ್ತದೆ. ಅಲ್ಲಿ `int` ಎದುರಾದಾಗಷ್ಟೇ ಏನೋ ಸರಿಯಿಲ್ಲ ಎಂದು ಅದಕ್ಕೆ ತಿಳಿಯುವುದು. ಜನಪ್ರಿಯ ಕಂಪೈಲರ್ ಜಿಸಿಸಿ ಇಂಥಲ್ಲಿ ಎರಡನೇ ಸಾಲಿನತ್ತ ಬೆರಳು ತೋರಿಸುತ್ತದೆ. ಹೊಸಬರು ಯಾವ ತಪ್ಪೂ ಇಲ್ಲದ ಆ ಸಾಲನ್ನೇ ಮತ್ತೆ ಮತ್ತೆ ಓದಿ ಸುಸ್ತಾಗುತ್ತಾರೆ. ತಪ್ಪು ಇರುವ ಜಾಗ ಬೇರೆ, ಅದು ಪತ್ತೆಯಾಗುವ ಜಾಗ ಬೇರೆ. ಜೋಕು ಹುಟ್ಟಿದ್ದೇ ಈ ಅಂತರದಲ್ಲಿ.

ಇಷ್ಟಾದರೂ ಬಿಟ್ಟುಹೋದ ಸೆಮಿಕೋಲನ್ ಸಾಧು ಪ್ರಾಣಿ. ಅದಿಲ್ಲದೆ ಪ್ರೋಗ್ರಾಂ ತಯಾರಾಗುವುದೇ ಇಲ್ಲ, ಆದ್ದರಿಂದ ತಪ್ಪು ಬಳಕೆದಾರರವರೆಗೆ ತಲುಪುವುದಿಲ್ಲ. ಅನುಭವಿಗಳು ಹೆದರುವುದು ಬೇಡದ ಕಡೆ ಬಿದ್ದ ಸೆಮಿಕೋಲನ್ನಿಗೆ.

```c
if (hana >= dara);
    ticket_kodu();
```

ಬರೆದವರ ಉದ್ದೇಶ, ಕೊಟ್ಟ ಹಣ ಸಾಕಾದರೆ ಮಾತ್ರ ಟಿಕೆಟ್ ಕೊಡಬೇಕು ಎಂಬುದು. ಆದರೆ ಮೊದಲ ಸಾಲಿನ ಸೆಮಿಕೋಲನ್ ಷರತ್ತನ್ನು ಅಲ್ಲಿಗೇ ಮುಗಿಸಿಬಿಡುತ್ತದೆ. ಹಣ ಸಾಕಾದರೆ ಏನೂ ಮಾಡಬೇಡ ಎಂದಂತಾಯಿತು. ಎರಡನೇ ಸಾಲು ಷರತ್ತಿನ ಹಂಗಿಲ್ಲದೆ ನಡೆಯುತ್ತದೆ, ಐದು ರೂಪಾಯಿ ಕೊಟ್ಟವರಿಗೂ ಟಿಕೆಟ್ ಸಿಗುತ್ತದೆ. ವ್ಯಾಕರಣದ ಪ್ರಕಾರ ಎಲ್ಲ ಸರಿಯಿರುವುದರಿಂದ ಪ್ರೋಗ್ರಾಂ ಸಲೀಸಾಗಿ ತಯಾರಾಗುತ್ತದೆ. ಅದು ಓಡುತ್ತಿರುವಾಗ ತಪ್ಪು ಫಲಿತಾಂಶ ಕೊಡುವ ಇಂಥ ದೋಷವೇ ಅಸಲಿ ಬಗ್. ನೂರು ರೂಪಾಯಿ ಕೊಟ್ಟು ಪರೀಕ್ಷಿಸಿದರೆ ಇದು ಸಿಕ್ಕಿಬೀಳುವುದಿಲ್ಲ, ಕಡಿಮೆ ಹಣ ಕೊಟ್ಟೂ ನೋಡಬೇಕು.

ಇನ್ನೊಂದು ಪ್ರಸಿದ್ಧ ತುಂಟತನವಿದೆ: ಗೆಳೆಯನ ಕೋಡಿನ ಒಂದು ಸೆಮಿಕೋಲನ್ ತೆಗೆದು ಆ ಜಾಗದಲ್ಲಿ ಗ್ರೀಕ್ ಪ್ರಶ್ನಾರ್ಥಕ ಚಿಹ್ನೆ ಇಡುವುದು. ನೋಡಲು ಎರಡೂ ಒಂದೇ. ಆದರೆ ಯೂನಿಕೋಡ್‌ನಲ್ಲಿ ಸೆಮಿಕೋಲನ್ನಿನ ಸಂಖ್ಯೆ `U+003B`, ಗ್ರೀಕ್ ಚಿಹ್ನೆಯದು `U+037E`. ಕಂಪೈಲರ್ ಓದುವುದು ಸಂಖ್ಯೆಯನ್ನೇ ಹೊರತು ಆಕಾರವನ್ನಲ್ಲ. ಆ ಚಿಹ್ನೆ ಅಳಿಸಿ ಮತ್ತೆ ಟೈಪ್ ಮಾಡಿದರೆ ಎಲ್ಲ ಸರಿಹೋಗುತ್ತದೆ.

ಹೆಚ್ಚಾದ ಸೆಮಿಕೋಲನ್ನಿಗೂ ಮದ್ದಿದೆ. ಸಿ ಕಲಿಯುತ್ತಿರುವವರು ಜಿಸಿಸಿ ನಡೆಸುವಾಗ `-Wall -Wextra` ಎಂದು ಸೇರಿಸಿಕೊಳ್ಳಿ. ಖಾಲಿ ಷರತ್ತು ಕಂಡರೆ ಅದು ಮೊದಲೇ ಎಚ್ಚರಿಸುತ್ತದೆ.